ಸ್ಟ್ರೋಬ್ ಚೆಕ್‌ಲಿಸ್ಟ್ ಕೊನೆಗೆ ತುಂಬೋ ಫಾರಂ ಅಲ್ಲ: ನಮ್ಮ ಕ್ಯಾನುಲಾ ಪೇಪರ್ ಮೂರನೇ ಸಲಕ್ಕೆ ದಡ ಸೇರಿದ ಕತೆ

ಎರಡು ಸಲ ವಾಪಸ್ ಬಂದ ಪೇಪರ್ ಮೂರನೇ ಸಲಕ್ಕೆ ಸ್ವೀಕಾರವಾಯಿತು. ನಡುವೆ ಒಂದೇ ಒಂದು ಹೊಸ ರೋಗಿಯನ್ನೂ ಸೇರಿಸಿರಲಿಲ್ಲ. ಅದೇ ಡೇಟಾ, ಅದೇ ವಾರ್ಡ್. ಬದಲಾಗಿದ್ದು ಬರೆದ ಕ್ರಮ ಮಾತ್ರ.

ನಮ್ಮದು ಮೆಡಿಕಲ್ ವಾರ್ಡ್‌ನಲ್ಲಿ ಮೂರು ತಿಂಗಳು ಮಾಡಿದ ಅಧ್ಯಯನ. ಔಷಧಿ, ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಕ್ಯಾನುಲಾವನ್ನು ಹಾಕಿದ ಕ್ಷಣದಿಂದ ತೆಗೆಯುವವರೆಗೆ ಪ್ರತಿ ಶಿಫ್ಟ್‌ನಲ್ಲೂ ವಿಐಪಿ ಸ್ಕೋರ್ ನೋಡಿದೆವು, ಅಂದರೆ ಹಾಕಿದ ಜಾಗದ ನೋವು, ಕೆಂಪು, ಊತ ನೋಡಿ ಕೊಡುವ ಅಂಕ. ಸ್ಕೋರ್ 2 ಅಥವಾ ಜಾಸ್ತಿ ಬಂದರೆ ಫ್ಲೆಬೈಟಿಸ್, ಅಂದರೆ ರಕ್ತನಾಳದ ಉರಿಯೂತ ಅಂತ ಲೆಕ್ಕ. ಮೊದಲ ಜರ್ನಲ್ ಪರಿಶೀಲನೆಗೇ ಕಳಿಸದೆ, ಅಧ್ಯಯನದ ವಿನ್ಯಾಸ ಸ್ಪಷ್ಟವಿಲ್ಲ ಎಂಬ ಒಂದು ಸಾಲು ಬರೆದು ತಿರುಗಿಸಿತು. ಅಲ್ಲಿ ಕಟ್ಟಿದ್ದ ಎರಡೂವರೆ ಸಾವಿರ ಹೋಯಿತು, ವಾಪಸ್ ಬರಲಿಲ್ಲ. ಆಮೇಲೆ ಇಂಗ್ಲಿಷ್ ತಿದ್ದಿಸಲು ಆರೇಳು ಸಾವಿರ ಕೊಟ್ಟೆ. ಎರಡನೇ ಜರ್ನಲ್‌ನ ವಿಮರ್ಶಕರಿಗೆ ಇಂಗ್ಲಿಷ್‌ನಲ್ಲಿ ತಪ್ಪು ಕಾಣಲಿಲ್ಲ. ಅವರು ಕೇಳಿದ್ದು ಒಂದೇ: ಮೊದಲ ಟೇಬಲ್‌ನಲ್ಲಿ ಒಟ್ಟು 313, ಮೂರನೇ ಟೇಬಲ್‌ನಲ್ಲಿ 286. ಉಳಿದ 27 ಎಲ್ಲಿ ಹೋದವು?

ತಮಾಷೆ ಅಂದ್ರೆ ಎರಡೂ ಸಲ ನಾನು ಸ್ಟ್ರೋಬ್ ಚೆಕ್‌ಲಿಸ್ಟ್ ಜೊತೆಗಿಟ್ಟೇ ಕಳಿಸಿದ್ದೆ! ರೋಗಿಗಳನ್ನು ಬರೀ ಗಮನಿಸಿ ಮಾಡುವ ಅಧ್ಯಯನದ ಪೇಪರ್‌ನಲ್ಲಿ ಏನೇನು ಇರಬೇಕು ಅಂತ ಹೇಳುವ ಪಟ್ಟಿ ಅದು. ಅದರ 22 ಅಂಶಗಳಿಗೂ ಪುಟ ಸಂಖ್ಯೆ ಹಾಕಿದ್ದೆ. ಎಲ್ಲರೂ ಮಾಡುವ ಹಾಗೆ, ಸಬ್‌ಮಿಟ್ ಮಾಡುವ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ.

ಮೂರನೇ ಸಲ ಪೇಪರ್ ಫೈಲನ್ನೇ ಮುಚ್ಚಿಟ್ಟೆ. ಮೊದಲು ಚೆಕ್‌ಲಿಸ್ಟ್, ಆಮೇಲೆ ಪೇಪರ್ ಅಂತ ತೀರ್ಮಾನ ಮಾಡಿದೆ. ನಮ್ಮ ಗೈಡ್ ಮೇಡಂ ನಕ್ಕರು. "ಅಡುಗೆ ಮಾಡೋಕೆ ಮುಂಚೆ ಎಲೆ ಹಾಕ್ತೀಯಲ್ಲಮ್ಮಾ" ಅಂದರು. ಸಂಖ್ಯಾಶಾಸ್ತ್ರದ ಸರ್ ಅಂತೂ ಟೈಮ್ ವೇಸ್ಟ್ ಅಂದರು. ಇರಲಿ.

strobe-statement.org ನಲ್ಲಿ ವಿನ್ಯಾಸಕ್ಕೊಂದು ವರ್ಡ್ ಫೈಲ್ ಸಿಗುತ್ತೆ. ಕೋಹಾರ್ಟ್, ಕೇಸ್-ಕಂಟ್ರೋಲ್, ಕ್ರಾಸ್-ಸೆಕ್ಷನಲ್ ಬೇರೆ ಬೇರೆ, ಮೂರೂ ಸೇರಿದ್ದು ಇನ್ನೊಂದು. ನನ್ನ ಮೊದಲ ತಪ್ಪು ಗೊತ್ತಾಗಿದ್ದು ಇಲ್ಲೇ. ಕಾಲೇಜಿನ ಅಭ್ಯಾಸಬಲದಿಂದ ಟೈಟಲ್‌ನಲ್ಲಿ 'ಡಿಸ್ಕ್ರಿಪ್ಟಿವ್ ಡಿಸೈನ್' ಅಂತ ಹಾಕಿ, ಕ್ರಾಸ್-ಸೆಕ್ಷನಲ್ ಫಾರಂ ತುಂಬಿದ್ದೆ. ಆದರೆ ಒಂದೊಂದು ಕ್ಯಾನುಲಾವನ್ನೂ ದಿನಗಟ್ಟಲೆ ಹಿಂಬಾಲಿಸಿದ್ದು ನಾವು. ಅದು ಪ್ರಾಸ್ಪೆಕ್ಟಿವ್ ಕೋಹಾರ್ಟ್ ಅಲ್ವಾ? ಟೈಟಲ್ ಅಥವಾ ಸಾರಾಂಶದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರಿನಿಂದ ವಿನ್ಯಾಸ ಹೇಳಿ ಎಂಬುದು ಚೆಕ್‌ಲಿಸ್ಟ್‌ನ ಮೊಟ್ಟಮೊದಲ ಸಾಲು. ಅದನ್ನೇ ಓದಿರಲಿಲ್ಲ. ಫಾರಂ ತಪ್ಪಾದ್ದರಿಂದ, ಮಧ್ಯದಲ್ಲಿ ಕೈಬಿಟ್ಟು ಹೋದವರನ್ನು ಏನು ಮಾಡಿದಿರಿ ಎಂಬ ಕೋಹಾರ್ಟ್‌ನ ಪ್ರಶ್ನೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ 27 ತಪ್ಪಿಸಿಕೊಂಡಿದ್ದು ಹೀಗೆ.

ಪುಟ ಸಂಖ್ಯೆಯ ಕಾಲಂ ಅಳಿಸಿ ಎರಡು ಕಾಲಂ ಮಾಡಿಕೊಂಡೆ. ಒಂದರಲ್ಲಿ 'ನಿಜವಾಗಿ ಏನಾಯಿತು', ಇನ್ನೊಂದರಲ್ಲಿ 'ಸಾಕ್ಷಿ ಎಲ್ಲಿದೆ'. ಸಾಕ್ಷಿ ಅಂದರೆ ರಿಜಿಸ್ಟರ್, ಕನ್ಸೆಂಟ್ ಫೈಲ್, ಡ್ಯೂಟಿ ರೋಸ್ಟರ್. ಶುರು ಮಾಡಿದ್ದು ಒಂದರಿಂದ ಅಲ್ಲ, ಹದಿಮೂರರಿಂದ. ಪ್ರತಿ ಹಂತದಲ್ಲೂ ಎಷ್ಟು ಮಂದಿ ಉಳಿದರು, ಯಾಕೆ ಬಿಟ್ಟರು ಅಂತ ಕೇಳುವ ಅಂಶ ಅದು.

ಎರಡು ಭಾನುವಾರ, ನಾಲ್ಕು ನೈಟ್ ಡ್ಯೂಟಿ ಹಿಡಿಯಿತು. ರಿಜಿಸ್ಟರ್‌ನಲ್ಲಿ 412 ಕ್ಯಾನುಲಾ ಇದ್ದವು. 61 ಬೇರೆ ಕಡೆ ಹಾಕಿಸಿಕೊಂಡು ಬಂದವು, ಹಾಕಿದ ಹೊತ್ತು ಗೊತ್ತಿಲ್ಲ, ಬಿಟ್ಟೆವು. 38ಕ್ಕೆ ಒಪ್ಪಿಗೆ ಸಿಗಲಿಲ್ಲ. ಉಳಿದದ್ದು 313. ಅದರಲ್ಲಿ 27ಕ್ಕೆ ಕೊನೆಯ ಸ್ಕೋರ್ ಇಲ್ಲ. ಯಾಕೆ ಅಂತ ರೋಸ್ಟರ್ ಜೊತೆ ಇಟ್ಟು ನೋಡಿದಾಗ ಗೊತ್ತಾಯಿತು: ಬಹುಪಾಲು ಭಾನುವಾರ ಮಧ್ಯಾಹ್ನ ಡಿಸ್ಚಾರ್ಜ್ ಆದವರು. ಅಟೆಂಡರ್ ಬಿಲ್ ಕಟ್ಟಿ ಬರುವಷ್ಟರಲ್ಲಿ ಅವಸರದಲ್ಲಿ ಕ್ಯಾನುಲಾ ಕಿತ್ತು ಹತ್ತಿ ಒತ್ತಿ ಕಳಿಸಿದ್ದೇವೆ. ಸ್ಕೋರ್ ಬರೆದಿಲ್ಲ.

ಮೊದಲಾದರೆ ಇದನ್ನು ಮುಚ್ಚಿಡುತ್ತಿದ್ದೆ. ಈಗ ಇದನ್ನೇ ಬರೆದೆ. 286ರಲ್ಲಿ 74ಕ್ಕೆ ಫ್ಲೆಬೈಟಿಸ್, ಅಂದರೆ ಸುಮಾರು 26 ಪರ್ಸೆಂಟ್. ಆ 27ರಲ್ಲಿ ಒಂದಕ್ಕೂ ಆಗಿಲ್ಲ ಅಂದುಕೊಂಡರೆ 313ಕ್ಕೆ 74, ಹೆಚ್ಚುಕಮ್ಮಿ 24. ಎಲ್ಲದಕ್ಕೂ ಆಗಿತ್ತು ಅಂದುಕೊಂಡರೆ 101, ಅಂದರೆ 32. ಮನೆಗೆ ಹೋಗುವಷ್ಟು ಚೇತರಿಸಿಕೊಂಡವರು ಅವರು, ಹಾಗಾಗಿ ನಿಜ 24ರ ಕಡೆಗೇ ಇರಬಹುದು ಅಂತ ಕಾರಣ ಸಮೇತ ಬರೆದೆ. ಕ್ಯಾಲ್ಕ್ಯುಲೇಟರ್‌ನಲ್ಲಿ ಐದು ನಿಮಿಷದ ಕೆಲಸ. ಈ ಸಲದ ವಿಮರ್ಶಕರು ಹೊಗಳಿದ್ದು ಇದೊಂದು ಪ್ಯಾರಾವನ್ನೇ. ಮಿತಿಗಳ ಭಾಗದಲ್ಲಿ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಕೊನೆಗೆ ಎಂಬುದಕ್ಕೆ ನನ್ನದೊಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ.

ಹದಿನಾರನೇ ಅಂಶ ಹೊಟ್ಟೆ ಉರಿಸಿತು. ಹೊಂದಾಣಿಕೆ ಮಾಡದ ಅಂದಾಜು, ಮಾಡಿದ ಅಂದಾಜು, ಎರಡನ್ನೂ ಕಾನ್ಫಿಡೆನ್ಸ್ ಇಂಟರ್ವಲ್ ಸಮೇತ ಕೇಳುತ್ತೆ. ನನ್ನ ಹಳೆಯ ಟೇಬಲ್‌ಗಳಲ್ಲಿ ಇದ್ದದ್ದು ಬರೀ ಕೈ-ಸ್ಕ್ವೇರ್ ಮತ್ತು ಪಿ ವ್ಯಾಲ್ಯೂ. ಮೊದಲು ಐದು ಸಾವಿರ ಕೊಟ್ಟಿದ್ದ ಸಂಖ್ಯಾಶಾಸ್ತ್ರದ ಸರ್‌ಗೆ ಮತ್ತೆ ಮೂರು ಸಾವಿರ ಕೊಟ್ಟು ಮಾಡಿಸಿದೆ. 20 ಗೇಜ್‌ಗಿಂತ 18 ಗೇಜ್‌ನಲ್ಲಿ ಫ್ಲೆಬೈಟಿಸ್ ಎರಡು ಪಟ್ಟು ಅನ್ನೋದು ನಮ್ಮ ಹೆಮ್ಮೆಯ ಫಲಿತಾಂಶ. ಕೊಟ್ಟ ಔಷಧಿ, ಹಾಕಿದ ಜಾಗ, ಇದ್ದ ದಿನ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೆ ಅದು 1.3ರ ಹತ್ತಿರ ಇಳಿಯಿತು. ಇಂಟರ್ವಲ್ 0.7ರಿಂದ 2.4ರವರೆಗೆ ಹರಡಿಕೊಂಡಿತ್ತು, ವ್ಯತ್ಯಾಸವೇ ಇಲ್ಲ ಅನ್ನುವ 1 ಅದರೊಳಗೇ ಕೂತಿತ್ತು. ನಮ್ಮ ವಾರ್ಡ್‌ನಲ್ಲಿ 18 ಹಾಕೋದೇ ಜಾಸ್ತಿ ಔಷಧಿ ಹೋಗುವ ರೋಗಿಗೆ. ದಪ್ಪ ಸೂಜಿಯ ಮೇಲೆ ಸುಮ್ನೆ ಅಪವಾದ ಹೊರಿಸಿದ್ದೆವು. 'ಕಾರಣ' ಎಂಬ ಪದ ಬಂದ ಕಡೆಯೆಲ್ಲ ಹೊಡೆದುಹಾಕಿದೆ, ಒಂಬತ್ತು ಕಡೆ ಇತ್ತು.

ಒಂಬತ್ತನೇ ಅಂಶ, ಅಂದರೆ ಪಕ್ಷಪಾತ. ಕ್ಯಾನುಲಾ ಹಾಕಿದವರೇ ಎಷ್ಟೋ ಸಲ ಸ್ಕೋರ್ ಕೊಟ್ಟಿದ್ದಾರೆ. ಮುಗಿದುಹೋದ ಡೇಟಾಗೆ ಏನು ಮಾಡೋದು? ಕುತೂಹಲಕ್ಕೆ ಆಮೇಲೆ 40 ಕ್ಯಾನುಲಾಗಳನ್ನು ನಾನು ಮತ್ತು ಇನ್ನೊಬ್ಬ ಸಿಸ್ಟರ್ ಬೇರೆ ಬೇರೆಯಾಗಿ ನೋಡಿದೆವು. 34ರಲ್ಲಿ ಸ್ಕೋರ್ ಒಂದೇ. ಉಳಿದ ಆರರಲ್ಲಿ ಜಗಳವೆಲ್ಲ 1 ಮತ್ತು 2ರ ನಡುವೆಯೇ. ಕಪ್ಪು ಚರ್ಮದ ಮೇಲೆ ಕೆಂಪು ಕಾಣದೆ ಅವರು 1 ಅಂದರೆ, ಮುಟ್ಟಿ ನೋಡಿದ ನಾನು ಊತ ಅಂತ 2 ಅನ್ನುತ್ತಿದ್ದೆ. ಅಧ್ಯಯನದ ಕ್ಯಾನುಲಾಗಳಲ್ಲವಾದ್ದರಿಂದ ಇದನ್ನು ಪೇಪರ್‌ಗೆ ಸೇರಿಸಲಿಲ್ಲ.

ಚೆಕ್‌ಲಿಸ್ಟನ್ನೇ ನಂಬಿ ಒಂದು ಕಡೆ ಮುಗ್ಗರಿಸಿದೆ ಕೂಡ. ಅದರಲ್ಲಿ ಎಥಿಕ್ಸ್ ಅನುಮತಿಗೆ ಅಂತ ಸಾಲೇ ಇಲ್ಲ. ಹಾಗಾಗಿ ಅನುಮತಿಯ ನಂಬರ್ ಹಾಕೋದೇ ಮರೆತು, ಜರ್ನಲ್ ಆಫೀಸ್‌ನಿಂದ ಮೇಲ್ ಬಂತು. ಈಗ 23ನೇ ಸಾಲು ಅಂತ ನಾನೇ ಕೈಯಲ್ಲಿ ಬರೆದುಕೊಂಡಿದ್ದೇನೆ. ಇನ್ನೊಂದು, ಪುಟ ಸಂಖ್ಯೆ ತಿದ್ದುಪಡಿಯಲ್ಲಿ ಅಲುಗಾಡುತ್ತೆ. 'ವಿಧಾನ, ಮೂರನೇ ಪ್ಯಾರಾ' ಅಂತ ಹಾಕಿದರೆ ಅಷ್ಟು ಬೇಗ ಕೆಡಲ್ಲ.

ಟೇಬಲ್ ತುಂಬಿದ ಮೇಲೆ ಪೇಪರ್ ಬರೆಯೋಕೆ ಆರು ಸಂಜೆ ಸಾಕಾಯಿತು. ಹಿಂದಿನದಕ್ಕೆ ನಾಲ್ಕು ತಿಂಗಳು ಕೂತಿದ್ದೆ. ಸ್ವೀಕಾರದ ಮೇಲ್ ಬಂದ ವಾರ ಗೈಡ್ ಮೇಡಂ ಫೋನ್ ಮಾಡಿ, "ಆ ನಿನ್ನ ಟೇಬಲ್ ಕಳಿಸಮ್ಮಾ, ಹೊಸ ಬ್ಯಾಚ್‌ಗೆ ಬೇಕು" ಅಂದರು. ಕಳಿಸಿದೆ. ಖಾಲಿಯದ್ದು.