ಬಿಟ್ಟುಹೋದ ಗ್ರಾಹಕರಿಗೆ ಆಫರ್ ಕಳಿಸುವ ಮುಂಚೆ ತಿಂಗಳು ಎಣಿಸಿ

ಕಾಫಿಪುಡಿ, ಗಾಣದ ಎಣ್ಣೆ ತರಹ ತಿಂಗಳ ಚಂದಾ ನಡೆಸುವವರೇ, ನಿಲ್ಲಿಸಿದವರಿಗೆಲ್ಲ ಒಂದೇ ದಿನ ಒಂದೇ ಡಿಸ್ಕೌಂಟ್ ಕಳಿಸಬೇಡಿ. ಕೊನೆಯ ಖರೀದಿಯಾಗಿ ಎಷ್ಟು ತಿಂಗಳಾಯ್ತು ಅಂತ ನೋಡಿ ಕಳಿಸಿ. ಗೂಗಲ್ ಶೀಟ್‌ನಲ್ಲಿ B2 ಆ ದಿನಾಂಕವಾದರೆ ಇಷ್ಟು ಸಾಕು:

```
=DATEDIF(B2,TODAY(),"M")
```

ಸರಸ್ವತಿಪುರಂನ ಒಂದು ಮನೆ ತಿಂಗಳಿಗೆ ಅರ್ಧ ಕೆಜಿ ಪುಡಿ ತಗೊಳ್ತಿತ್ತು, ಕೊನೆಯ ಖರೀದಿ ಜೂನ್ 5 ಅಂದುಕೊಳ್ಳಿ. ಆಗಸ್ಟ್ 5ಕ್ಕೆ ಉತ್ತರ 2 ಬರುತ್ತದೆ. ಆಗ ಬರೀ ಒಂದು ಮೆಸೇಜ್: "ಪುಡಿ ಮುಗೀತಾ ಮೇಡಂ? ಅದೇ ಚಿಕೋರಿ ಅಳತೆಯಲ್ಲಿ ಕಳಿಸ್ಲಾ?" ಡಿಸ್ಕೌಂಟ್ ಬೇಡ. 4 ಬಂದಾಗ, ಅಂದರೆ ದಸರಾ ನೆಂಟರು ಬರುವ ಹೊತ್ತಿಗೆ, ಡೆಲಿವರಿ ಫ್ರೀ ಮಾಡಿ. 6ಕ್ಕೆ ಮೊದಲ ಪ್ಯಾಕೆಟ್ ಮೇಲೆ ದೊಡ್ಡ ರಿಯಾಯಿತಿ, ಒಂದೇ ಸಲ. ಆಮೇಲೆ ಸುಮ್ನಿರಿ. ಎರಡು ತಿಂಗಳಲ್ಲಿ ಹೆಚ್ಚಿನವರು ಮರೆತಿರುತ್ತಾರೆ ಅಷ್ಟೇ, ನೆನಪಿಸಿದರೆ ಬರುತ್ತಾರೆ. ಆಗಲೇ ದುಡ್ಡು ಬಿಟ್ಟರೆ ಖಾಯಂ ಗ್ರಾಹಕರೂ ಒಂದು ತಿಂಗಳು ತಪ್ಪಿಸಿ ಆಫರ್‌ಗೆ ಕಾಯೋದು ಕಲಿಯುತ್ತಾರೆ. ಆರು ತಿಂಗಳಾದರೆ ಬೇರೆ ಅಂಗಡಿಯ ಪುಡಿ ನಾಲಿಗೆಗೆ ಹತ್ತಿರುತ್ತದೆ, ಬರೀ ನೆನಪು ಸಾಲದು. ಪುಡಿ ಹಳಸಲು ಅಂತ ದೂರು ಕೊಟ್ಟು ಬಿಟ್ಟವರಿಗೆ ಇದು ನಡೆಯಲ್ಲ, ಅವರಿಗೆ ಫೋನ್ ಮಾಡಿ ಹೊಸ ಪ್ಯಾಕೆಟ್ ಕೊಡಬೇಕು. ಯುಪಿಐ ಆಟೊಪೇ ಫೇಲ್ ಆಗಿ ನಿಂತವರನ್ನೂ ಮೊದಲೇ ಪಟ್ಟಿಯಿಂದ ತೆಗೆಯಿರಿ. ಅವರು ಬಿಟ್ಟೇ ಇಲ್ಲ, ಹೊಸ ಲಿಂಕ್ ಕಳಿಸಿದರಾಯ್ತು. ಮೂರು ತಿಂಗಳಿಗೊಮ್ಮೆ ಡಬ್ಬಿ ಎಣ್ಣೆ ಕೊಳ್ಳುವವರಿಗೆ ಮಾತ್ರ ಈ 2-4-6 ಲೆಕ್ಕ ತೀರಾ ಬೇಗ ಆಗುತ್ತದೆ, ಮೂರುಪಟ್ಟು ಮಾಡಿಕೊಳ್ಳಿ.