ಹೆಸರು ಕೇಳಿ ಮೇಷ್ಟ್ರಿಗೆ ಬರೆದ ಪತ್ರ

ನಮ್ಮ ಸ್ಟಾರ್ಟಪ್ಪಿಗೆ ಹೆಸರು ಬೇಕಿತ್ತು. ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರಿಗೆ ಬರೆದ ಮೊದಲ ಕರಡಿನಲ್ಲಿ ಇದ್ದದ್ದು ಇಷ್ಟೇ: “ಶಿಕ್ಷಣ ಕ್ಷೇತ್ರದಲ್ಲಿ ಸ್ಟಾರ್ಟಪ್ ಶುರು ಮಾಡುತ್ತಿದ್ದೇವೆ, ಒಳ್ಳೆಯ ಹೆಸರೊಂದನ್ನು ಸೂಚಿಸಬೇಕು.” ಅದನ್ನು ಕಳಿಸಲಿಲ್ಲ. ಇಂಥ ಪತ್ರಕ್ಕೆ ಬರುವ ಉತ್ತರ ಮೊದಲೇ ಗೊತ್ತು: ಜ್ಞಾನ, ವಿದ್ಯಾ, ಅಕ್ಷರ, ಪ್ರಜ್ಞಾ. ಇದರಲ್ಲಿ ಮೇಷ್ಟ್ರ ತಪ್ಪೇನಿಲ್ಲ. ಶಿಕ್ಷಣ ಅಂತಷ್ಟೇ ಹೇಳಿದರೆ ಯಾರಿಗೂ ಹೊಳೆಯುವುದು ಅವೇ, ಆದ್ದರಿಂದಲೇ ಅವನ್ನೆಲ್ಲ ಬೇರೆಯವರು ಆಗಲೇ ಇಟ್ಟುಕೊಂಡಿರುತ್ತಾರೆ. ‘ಕಲಿಕೆ’ಯಂಥ ಪದಕ್ಕೆ ಇನ್ನೊಂದು ತೊಡಕೂ ಇದೆ. ಕೊಡುವ ಸೇವೆಯನ್ನೇ ನೇರವಾಗಿ ಹೇಳುವ ಪದವನ್ನು ಟ್ರೇಡ್‌ಮಾರ್ಕ್ ಮಾಡಿಸುವುದು ಕಷ್ಟ.

ಹಾಗಾಗಿ ಎರಡನೇ ಕರಡಿನಲ್ಲಿ ಕೇಳುವುದನ್ನೇ ಬದಲಾಯಿಸಿದೆ. ಬ್ರ್ಯಾಂಡ್ ಆಗುವಂಥ ಹೆಸರು ಹುಡುಕುವುದು ನಮ್ಮ ಕೆಲಸ. ಪದಗಳ ಒಳಗನ್ನು ಬಲ್ಲವರು ಮೇಷ್ಟ್ರು. ಅವರನ್ನು ಕೇಳಬೇಕಾದ್ದು ಪದಗಳನ್ನು. ಪತ್ರದ ನಡುಭಾಗ ಹೀಗೆ ಬಂತು:

“ಮಾನ್ಯ ಗುರುಗಳಿಗೆ ನಮಸ್ಕಾರಗಳು. ಆರರಿಂದ ಎಂಟನೇ ತರಗತಿಯ ಮಕ್ಕಳು ಲೆಕ್ಕ ಮಾಡುವಾಗ ಯಾವ ಹಂತದಲ್ಲಿ ತಪ್ಪಿದರು ಎಂಬುದನ್ನು ತೋರಿಸಿಕೊಡುವ ಆ್ಯಪ್ ಮಾಡುತ್ತಿದ್ದೇವೆ. ಉತ್ತರ ಹೇಳಿಕೊಡುವುದಿಲ್ಲ, ಎಡವಿದ ಜಾಗ ತೋರಿಸಿ ಮಗುವೇ ಸರಿಮಾಡಿಕೊಳ್ಳಲು ಬಿಡುತ್ತದೆ. ತಪ್ಪುವುದು, ಸರಿಪಡಿಸುವುದು, ಮತ್ತೆ ಮಾಡುವುದು, ಈ ಅರ್ಥಗಳ ಸುತ್ತ ಇರುವ ಕನ್ನಡ ಪದಗಳು ತಮಗೆ ಹೊಳೆದರೆ ಐದಾರು ಬರೆದು ತಿಳಿಸಬೇಕೆಂದು ಕೋರುತ್ತೇನೆ. ಎರಡು ಮೂರು ಅಕ್ಷರದವಾದರೆ ಅನುಕೂಲ. ‘ಕಲಿ’ ಎಂಬುದನ್ನು ಕೈಬಿಟ್ಟಿದ್ದೇವೆ. ಇಂಗ್ಲಿಷ್ ಅಕ್ಷರದಲ್ಲಿ Kali ಎಂದು ಬರೆದರೆ ಕಾಳಿ ಎಂದು ಓದುತ್ತಾರೆ.”

ಆ ಕೊನೆಯ ವಾಕ್ಯವೇ ಪತ್ರದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಬೇಡವೆಂದ ಒಂದು ಹೆಸರನ್ನು ಕಾರಣದ ಸಮೇತ ಬರೆದರೆ ನಾಲ್ಕು ನಿಯಮ ಬರೆಯುವುದು ತಪ್ಪುತ್ತದೆ. ದೀರ್ಘ ಹ್ರಸ್ವ, ಲ ಳ, ನ ಣ, ದ ಡ, ಇವುಗಳ ವ್ಯತ್ಯಾಸ ಇಂಗ್ಲಿಷ್ ಅಕ್ಷರದಲ್ಲಿ ಉಳಿಯುವುದಿಲ್ಲ. ‘ಓದು’ವನ್ನು Odu ಎಂದರೆ ‘ಓಡು’ ಆಗಿಬಿಡುತ್ತದೆ, ಲೆಕ್ಕದ ಆ್ಯಪ್‌ನಿಂದ ಓಡು ಅಂದ ಹಾಗೆ! ಹೆಸರು ಕನ್ನಡದ್ದಾದರೂ ಜನ ಅದನ್ನು ಹುಡುಕುವಾಗ ಟೈಪ್ ಮಾಡುವುದು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರದಲ್ಲೇ. ಕಾಗದದ ಮೇಲೆ ಚೆಂದ ಕಂಡ ಪದಗಳು ಬಹಳಷ್ಟು ಇಲ್ಲೇ ಬಿದ್ದುಹೋಗುತ್ತವೆ.

ಉತ್ತರದಲ್ಲಿ ಬಂದ ಪದಗಳಲ್ಲಿ ‘ತಿದ್ದು’ ಒಂದು. ತಪ್ಪನ್ನು ಸರಿಮಾಡು ಎಂಬ ಅರ್ಥ ನಮಗೂ ಗೊತ್ತಿತ್ತು. ಮೇಷ್ಟ್ರು ಪಕ್ಕದಲ್ಲಿ ಒಂದು ಸಾಲು ಸೇರಿಸಿದ್ದರು: ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಕೈಯಾಡಿಸುವುದೂ ತಿದ್ದುವುದೇ. ಕಲಿಯುವುದಕ್ಕೂ ಸರಿಪಡಿಸುವುದಕ್ಕೂ ಒಂದೇ ಪದ. ನಿಘಂಟು ತೆರೆದಿದ್ದರೂ ಸಿಗುತ್ತಿತ್ತೇನೋ, ಆದರೆ ಯಾವ ಪುಟ ತೆರೆಯಬೇಕೆಂದು ನಮಗೆ ತಿಳಿಯುತ್ತಿರಲಿಲ್ಲ.

ಹಾಗೆಂದು ಅದನ್ನೂ ಸೀದಾ ಒಪ್ಪಿಕೊಳ್ಳುವಂತಿಲ್ಲ. ‘ತ’ವನ್ನು ಕೆಲವರು t, ಕೆಲವರು th ಎಂದು ಬರೆಯುತ್ತಾರೆ. ಹತ್ತು ಜನರಿಗೆ ಫೋನಿನಲ್ಲಿ ಹೆಸರು ಹೇಳಿ, ಕೇಳಿದಂತೆ ಟೈಪ್ ಮಾಡಿ ಕಳಿಸಿ ಎಂದರೆ Tiddu, Thiddu ಎರಡೂ ಬರುತ್ತವೆ. ಎರಡೇ ರೂಪ ಬಂದರೆ ಎರಡೂ ಡೊಮೇನ್ ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಬಹುದು. ನಾಲ್ಕೈದು ರೂಪ ಬರುವ ಹೆಸರಾದರೆ ಬಿಟ್ಟುಬಿಡುವುದೇ ಮೇಲು. ಆಮೇಲೆ ಟ್ರೇಡ್‌ಮಾರ್ಕ್ ಹುಡುಕಾಟ. ಶಿಕ್ಷಣ ಸೇವೆ ಬರುವುದು 41ನೇ ವರ್ಗದಲ್ಲಿ, ಡೌನ್‌ಲೋಡ್ ಮಾಡಿಕೊಳ್ಳುವ ಸಾಫ್ಟ್‌ವೇರ್ 9ರಲ್ಲಿ. ಒಂದನ್ನೇ ನೋಡಿ ಸುಮ್ಮನಾದರೆ ಇನ್ನೊಂದರಲ್ಲಿ ಅದೇ ಹೆಸರು ಕೂತಿರಬಹುದು. ಬರಹದಲ್ಲಿ ಬೇರೆಯಾಗಿದ್ದು ಉಚ್ಚಾರದಲ್ಲಿ ಹೋಲುವ ಹೆಸರುಗಳನ್ನೂ ನೋಡಬೇಕು.

ಪತ್ರದ ಉಳಿದ ಭಾಗ ಚಿಕ್ಕದು, ಆದರೆ ಎಡವುವುದು ಅಲ್ಲಿಯೇ. ಸೂಚಿಸಿದ ಪದ ಬಳಸದೆ ಇರಬಹುದು ಎಂಬುದನ್ನು ಮೊದಲೇ ಬರೆಯಬೇಕು: “ಡೊಮೇನ್, ನೋಂದಣಿಯ ಕಾರಣಕ್ಕೆ ತಾವು ಸೂಚಿಸಿದ್ದನ್ನು ಇಡಲಾಗದೆ ಹೋಗಬಹುದು, ಅದಕ್ಕೆ ಈಗಲೇ ಕ್ಷಮೆ ಕೋರುತ್ತೇನೆ.” ಇದಿಲ್ಲದಿದ್ದರೆ ಹಿರಿಯರು ಕೊಟ್ಟ ಹೆಸರನ್ನು ಬಿಡಲೂ ಆಗದೆ ಇಡಲೂ ಆಗದೆ ಒದ್ದಾಡಬೇಕಾಗುತ್ತದೆ. ಗೌರವಧನ ಕೊಡುವುದಾದರೆ ಅದನ್ನೂ ಇದೇ ಪತ್ರದಲ್ಲಿ ಹೇಳಬೇಕು. ಹೆಸರು ಆಯ್ಕೆಯಾದ ಮೇಲೆ ಹೇಳಿದರೆ ಬೆಲೆ ಕಟ್ಟಿದಂತೆ ಕಾಣುತ್ತದೆ. ಸಲಹಾ ಮಂಡಳಿಗೆ ಬನ್ನಿ ಎಂಬ ಮಾತನ್ನು ಮಾತ್ರ ಇಲ್ಲಿ ತರಬಾರದು. ಪದ ಕೇಳಿದ್ದು ಬರೀ ನೆಪ ಅನ್ನಿಸಿಬಿಡುತ್ತದೆ.

ಎಲ್ಲ ಸೇರಿ ಒಂದೇ ಪುಟ, ದೊಡ್ಡ ಅಕ್ಷರ, ಲಗತ್ತು ಇಲ್ಲ. ಮೂರು ವಾರದ ಗಡುವು ಹಾಕಿ, ಬರೆಯುವುದು ಕಷ್ಟವಾದರೆ ಫೋನಿನಲ್ಲೇ ಹೇಳಬಹುದು ಎಂದು ನಂಬರ್ ಕೊಟ್ಟಿದ್ದೆ. ಫೋನಿನಲ್ಲಿ ಹೇಳಿದ ಪದವನ್ನು ಕನ್ನಡದಲ್ಲೇ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಮರುದಿನ ಅದು ಲ ಆಗಿತ್ತೋ ಳ ಆಗಿತ್ತೋ ಎಂದು ಮತ್ತೆ ಕೇಳಬೇಕಾಗುತ್ತದೆ.