ಓಣಂ ತಿಂಗಳ ಪಿಆರ್ ಲೆಕ್ಕ

ನಮ್ಮ ಏಳು ಜನರ ತಂಡದ ತಿಂಗಳ ವರದಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದದ್ದು ಕಳೆದ ವರ್ಷದ ಮಳೆಗಾಲದಲ್ಲಿ. ಎಷ್ಟು ಪುಲ್ ರಿಕ್ವೆಸ್ಟ್ ಮರ್ಜ್ ಆಯಿತು, ಎಷ್ಟು ದೊಡ್ಡವು, ರಿವ್ಯೂ ಆದ ಮೇಲೆ ಎಷ್ಟಕ್ಕೆ ಮತ್ತೆ ಕೈ ಹಾಕಬೇಕಾಯಿತು, ಇಷ್ಟೇ ವಿಷಯ. ಕಾಸರಗೋಡಿನ ಬದಿಯಡ್ಕದ ಮನೆಯಲ್ಲಿ ಕರೆಂಟು ಹೋಗುತ್ತಾ ಬರುತ್ತಾ ಇರುವಾಗಲೇ ಮೊದಲ ಎರಡು ವರದಿ ಬರೆದು ಕಳಿಸಿದೆ. ಎರಡರಲ್ಲೂ ಮರ್ಜ್ ಆದ ಪಿಆರ್ ಸರಿಯಾಗಿ 30. ತಂಡ ಎಷ್ಟು ಸ್ಥಿರ ಉಂಟು ಎಂದು ಒಂದು ಸಾಲು ಬೇರೆ ಸೇರಿಸಿದ್ದೆ. ಮೂರನೇ ತಿಂಗಳೂ 30 ಬಂದಾಗ ಅನುಮಾನ ಹುಟ್ಟಿತು. ಗಿಟ್‌ಹಬ್‌ನಿಂದ ಪಟ್ಟಿ ತೆಗೆಯುವ `gh pr list`, ಎಷ್ಟು ಬೇಕೆಂದು ನಾವು ಹೇಳದೇ ಇದ್ದರೆ, 30ಕ್ಕಿಂತ ಹೆಚ್ಚು ಕೊಡುವುದೇ ಇಲ್ಲ!

ಈಗ ಹೀಗೆ ತೆಗೆಯುತ್ತೇನೆ:

```
gh pr list --state merged --limit 500 \
  --search "merged:2025-09-01T00:00:00+05:30..2025-09-30T23:59:59+05:30" \
  --json number,author,createdAt,mergedAt
```

`+05:30` ಹಾಕದಿದ್ದರೆ ಲೆಕ್ಕ ಯುಟಿಸಿ ಸಮಯದಲ್ಲಿ ನಡೆಯುತ್ತದೆ. ಆಗ ಒಂದನೇ ತಾರೀಕು ಬೆಳಗ್ಗೆ ಐದೂವರೆಯ ಮೊದಲು ಮರ್ಜ್ ಆದದ್ದು ಹಿಂದಿನ ತಿಂಗಳಿಗೆ ಹೋಗಿ ಕೂರುತ್ತದೆ. ರಾತ್ರಿ ಕೆಲಸ ಮಾಡುವವರು ನಮ್ಮಲ್ಲಿ ಇಬ್ಬರಿದ್ದಾರೆ.

ಇಲ್ಲಿ ಬರೆಯಹೊರಟದ್ದು 2025ರ ಸೆಪ್ಟೆಂಬರ್ ವರದಿಯ ಕಥೆ. ಅದರ ಅಂಕಿಗಳನ್ನು ನೋಡಿದ ಮ್ಯಾನೇಜರ್ ಮೇಲಿನವರಿಗೆ ಒಂದು ಮೇಲ್ ಬರೆದು, ಕಳಿಸುವ ಮೊದಲು ನನಗೆ ತೋರಿಸಿದರು. ಸಾರ ಇಷ್ಟು: ಆಗಸ್ಟಿನಲ್ಲಿ 46 ಇದ್ದ ಮರ್ಜ್ 31ಕ್ಕೆ ಇಳಿದಿದೆ, ಮೂರನೇ ಒಂದು ಪಾಲು ಕಡಿಮೆ. ಆದರೆ ಗುಣಮಟ್ಟ ಸುಧಾರಿಸಿದೆ. ಪಿಆರ್‌ನ ನಡುಮಧ್ಯದ ಗಾತ್ರ 140 ಸಾಲಿನಿಂದ 60ಕ್ಕೆ ಬಂದಿದೆ, ಮರುಕೆಲಸ 37 ಶೇಕಡಾದಿಂದ 35ಕ್ಕೆ ಇಳಿದಿದೆ. ಅಂಕಿ ಒಂದೂ ತಪ್ಪಿರಲಿಲ್ಲ. ಮಾತು ಎರಡೂ ತಪ್ಪು.

ಮೊದಲು ಆ ಮೂರನೇ ಒಂದು ಪಾಲು. ಸೆಪ್ಟೆಂಬರ್ 5 ತಿರುವೋಣಂ. 4 ಮತ್ತು 5 ರಜೆ, ಹಾಗಾಗಿ ಕೆಲಸದ ದಿನ 20. ಆಗಸ್ಟಿನಲ್ಲೂ ಸ್ವಾತಂತ್ರ್ಯ ದಿನ ಬಿಟ್ಟರೆ 20ರದ್ದೇ ಲೆಕ್ಕ. ಕ್ಯಾಲೆಂಡರ್ ನೋಡಿದರೆ ಎರಡೂ ಸಮ, ಮೋಸ ಇರುವುದೇ ಅಲ್ಲಿ. ಓಣಂ ಅಂದರೆ ನಮ್ಮಲ್ಲಿ ಎರಡು ದಿನದ ಹಬ್ಬವಲ್ಲ; ಚಿಂಗಂ ತಿಂಗಳು ಮದುವೆಗಳ ಕಾಲವೂ ಹೌದು. ಒಬ್ಬರು ತಂಗಿಯ ಮದುವೆಗೆ 15 ದಿನ ಇರಲಿಲ್ಲ, ಇನ್ನೊಬ್ಬರು 10 ದಿನ ಊರಿಗೆ ಹೋಗಿದ್ದರು, ಉಳಿದವರದ್ದೆಲ್ಲ ಸೇರಿ 13. ಏಳು ಜನರ 140 ದಿನಗಳಲ್ಲಿ ಉಳಿದದ್ದು 102. ಆಗಸ್ಟಿನಲ್ಲಿ ರಜೆ ಬರೀ 8, ಅಂದರೆ 132 ದಿನ. ತಲೆಗೆ ದಿನಕ್ಕೆ ಲೆಕ್ಕ ಹಾಕಿದರೆ 0.35 ಇದ್ದದ್ದು 0.30 ಆಗಿದೆ. ಇಳಿದದ್ದು ಎಂಟನೇ ಒಂದು ಪಾಲಿನಷ್ಟು. ಇಷ್ಟು ಸಣ್ಣ ತಂಡದಲ್ಲಿ ಏನೂ ಬದಲಾಗದಿದ್ದರೂ ತಿಂಗಳಿಂದ ತಿಂಗಳಿಗೆ ಐದಾರು ಪಿಆರ್ ಆಚೀಚೆ ಆಗುತ್ತದೆ. ಹಾಗಾಗಿ ಈ ಇಳಿತದ ಬಗ್ಗೆ ಹೇಳಲು ಏನೂ ಇಲ್ಲ.

ಇದರ ಜೊತೆ ಇನ್ನೊಂದನ್ನು ನೋಡುವುದು ಅಪ್ಪನಿಂದ ಕಲಿತದ್ದು. ಜುಲೈ ತಿಂಗಳ ಗ್ರಾಫ್ ಏರಿದ್ದನ್ನು ಹೆಮ್ಮೆಯಿಂದ ತೋರಿಸಿದಾಗ, ಮರ್ಜ್ ಅಂದರೆ ಎಂತದು ಎಂದು ಕೇಳಿ ತಿಳಿದುಕೊಂಡು ಅವರು ಹೇಳಿದರು: "ಮಾರಿದ್ದು ಈ ತಿಂಗಳು ಸರಿ. ಕೊಯ್ದದ್ದು ಯಾವಾಗ? ಅಟ್ಟದಲ್ಲಿದ್ದ ಹಳೆ ಅಡಿಕೆ ಕೊಟ್ಟು ಈ ವರ್ಷ ಬೆಳೆ ಜೋರು ಅಂತ ಬರೀಲಿಕ್ಕೆ ಆಗ್ತದಾ?" ನೋಡಿದರೆ ಹಾಗೆಯೇ. ಜುಲೈಯಲ್ಲಿ ಮರ್ಜ್ ಆದ 40ರಲ್ಲಿ 19 ಅದಕ್ಕಿಂತ ಮೊದಲೇ ತೆರೆದವು. ಜೂನಿನಲ್ಲಿ ಟೆಸ್ಟಿಂಗ್ ನೋಡುವವರು ಇಲ್ಲದೆ ಬಾಕಿಯಾಗಿದ್ದವು. ಅಂದಿನಿಂದ `createdAt` ನೋಡಿ ಹಳೆಯದೆಷ್ಟು ಎಂದು ಪಕ್ಕದಲ್ಲೇ ಬರೆಯುತ್ತೇನೆ. ಸೆಪ್ಟೆಂಬರಿನಲ್ಲಿ 31ರಲ್ಲಿ 9, ಆಗಸ್ಟಿನಲ್ಲಿ 46ರಲ್ಲಿ 12. ಹೆಚ್ಚುಕಡಿಮೆ ಒಂದೇ ಪಾಲು, ಈ ಸಲ ಅದರಿಂದ ತೊಂದರೆ ಇರಲಿಲ್ಲ.

ಗುಣಮಟ್ಟದ ಮಾತಿಗೆ ಬರೋಣ. ಗಾತ್ರ ಎಣಿಸುವಾಗ `package-lock.json` ಮತ್ತು ಯಂತ್ರವೇ ಬರೆಯುವ ಇತರ ಫೈಲುಗಳನ್ನು ಬಿಡುತ್ತೇನೆ. ಒಂದು ಲೈಬ್ರರಿ ಏರಿಸಿದರೆ ಸಾಲು ಸಾವಿರಗಟ್ಟಲೆ ಬರುತ್ತದೆ, ಯಾರೂ ಅದನ್ನು ಓದುವುದಿಲ್ಲ. ಮರುಕೆಲಸ ಎಣಿಸುವುದು ಇದಕ್ಕಿಂತ ಕಿರಿಕಿರಿ. ಮೊದಲ ರಿವ್ಯೂ ಬಂದ ಮೇಲೆ ಹೊಸ ಕಮಿಟ್ ಬಂದರೆ ಮರುಕೆಲಸ ಎಂದು ಇಟ್ಟುಕೊಂಡಿದ್ದೇನೆ. ಪ್ರತಿ ಪಿಆರ್‌ಗೂ ಹೀಗೆ:

```
gh pr view 412 --json author,reviews,commits,files
```

ಕಮಿಟ್‌ಗೆ ಎರಡು ತಾರೀಕು ಇರುತ್ತದೆ. `committedDate` ಹಿಡಿದರೆ, ರಿವ್ಯೂ ಆದ ಮೇಲೆ ಸುಮ್ಮನೆ ರಿಬೇಸ್ ಮಾಡಿದವನ ಹಳೇ ಕಮಿಟ್‌ಗಳೆಲ್ಲ ಹೊಸದಾಗಿ ಕಾಣುತ್ತವೆ, ಮರುಕೆಲಸ ಇಲ್ಲದಲ್ಲಿ ಹುಟ್ಟುತ್ತದೆ. `authoredDate` ಹಿಡಿದರೆ, ಅಮೆಂಡ್ ಮಾಡಿ ತಿದ್ದಿದವನ ಮರುಕೆಲಸ ಮಾಯವಾಗುತ್ತದೆ, ಯಾಕೆಂದರೆ ಅಮೆಂಡ್ ಹಳೇ ತಾರೀಕನ್ನೇ ಉಳಿಸಿಕೊಳ್ಳುತ್ತದೆ. ನಾನು ಎರಡನೆಯದನ್ನು ಹಿಡಿದು, ಒಪ್ಪಿಗೆ ಸಿಗುವವರೆಗೆ ಅಮೆಂಡ್ ಬೇಡ ಎಂದು ತಂಡದಲ್ಲಿ ಮಾತಾಡಿಕೊಂಡಿದ್ದೇವೆ. ಬರೆದವನೇ ತನ್ನ ಪಿಆರ್‌ನಲ್ಲಿ ಉತ್ತರ ಕೊಟ್ಟದ್ದೂ ಗಿಟ್‌ಹಬ್‌ನಲ್ಲಿ `COMMENTED` ಎಂಬ ರಿವ್ಯೂ ಆಗಿ ಬರುತ್ತದೆ, ಅದನ್ನು ಬಿಡಬೇಕು. ಮೈನ್ ಬ್ರಾಂಚನ್ನು ಒಳಗೆ ತಂದ ಮರ್ಜ್ ಕಮಿಟ್‌ಗಳನ್ನೂ ಬಿಡಬೇಕು.

ಇಷ್ಟು ಮಾಡಿದ ಮೇಲೆ ಬಂದದ್ದೇ ಆ 37 ಮತ್ತು 35. ನಾನು ಪಿಆರ್‌ಗಳನ್ನು 100 ಸಾಲಿನವರೆಗೆ, ಅದಕ್ಕಿಂತ ಮೇಲೆ ಎಂದು ಎರಡು ರಾಶಿ ಮಾಡಿದೆ. ಆಗಸ್ಟಿನಲ್ಲಿ ಸಣ್ಣವು 20, ಮರುಕೆಲಸ 4ಕ್ಕೆ. ದೊಡ್ಡವು 26, ಮರುಕೆಲಸ 13ಕ್ಕೆ. ಸೆಪ್ಟೆಂಬರಿನಲ್ಲಿ ಸಣ್ಣವು 23, ಮರುಕೆಲಸ 6ಕ್ಕೆ. ದೊಡ್ಡವು 8, ಮರುಕೆಲಸ 5ಕ್ಕೆ. ಶೇಕಡಾ ಮಾಡಿ ನೋಡಿ: ಸಣ್ಣದರಲ್ಲಿ 20ರಿಂದ 26, ದೊಡ್ಡದರಲ್ಲಿ 50ರಿಂದ 62. ಎರಡು ರಾಶಿಯಲ್ಲೂ ಏರಿದೆ, ಒಟ್ಟಿನಲ್ಲಿ ಇಳಿದಿದೆ!

ಕಾರಣ ಮತ್ತೆ ಓಣಂ. ದೊಡ್ಡ ಪಿಆರ್ ಬರೆಯುವವರು ಹೆಚ್ಚಾಗಿ ಬ್ಯಾಕೆಂಡಿನ ಇಬ್ಬರು. ರಜೆಯಲ್ಲಿದ್ದ ಆ 15 ದಿನ, 10 ದಿನ ಅವರದ್ದೇ. ಆಗಸ್ಟಿನ 26 ದೊಡ್ಡವುಗಳಲ್ಲಿ 17 ಅವರವು, ಸೆಪ್ಟೆಂಬರಿನಲ್ಲಿ 3. ಯಾರೂ ಸಣ್ಣದಾಗಿ ಬರೆಯಲು ಕಲಿಯಲಿಲ್ಲ, ದೊಡ್ಡದು ಬರೆಯುವವರು ಮನೆಯಲ್ಲಿ ಪಾಯಸ ಉಣ್ಣುತ್ತಿದ್ದರು. ಗಾತ್ರ ಇಳಿದದ್ದು ಹೀಗೆ, ಅದರ ಬೆನ್ನಿಗೆ ಮರುಕೆಲಸದ ಶೇಕಡಾ ಇಳಿದದ್ದೂ ಹೀಗೆ.

ಹಾಗಾದರೆ ಗುಣಮಟ್ಟ ಕೆಟ್ಟಿದೆ ಎಂದು ಬರೆಯುವುದಾ? ಒಂದು ಕ್ಷಣ ಕೈ ತುರಿಸಿತು. ಆದರೆ 8ರಲ್ಲಿ 5 ಎಂಬುದನ್ನು 62 ಶೇಕಡಾ ಎಂದು ಬರೆಯುವುದೇ ಒಂದು ಬಗೆಯ ಸುಳ್ಳು. ಒಂದು ಪಿಆರ್ ಆಚೆ ಹೋದರೆ ಅದು 50. ಅಂದಿನಿಂದ 20ಕ್ಕಿಂತ ಕಡಿಮೆ ಇರುವ ರಾಶಿಗೆ ಶೇಕಡಾ ಹಾಕುವುದಿಲ್ಲ, "8ರಲ್ಲಿ 5" ಎಂದೇ ಬರೆಯುತ್ತೇನೆ. 20 ಎಂಬುದಕ್ಕೆ ಶಾಸ್ತ್ರ ಏನೂ ಇಲ್ಲ, ನನ್ನ ಅಂದಾಜು.

ಅದರ ಬದಲು ಆ ಐದನ್ನೂ ಕೂತು ಓದಿದೆ, ಒಂದು ಗಂಟೆ ಹಿಡಿಯಿತು. ಮೂರು ಒಂದೇ ಜಾಗದ್ದು: ಬಿಲ್ ಮುದ್ರಿಸುವ ಭಾಗ. ಮೂರರಲ್ಲೂ ಕೋಡ್ ತಪ್ಪಿರಲಿಲ್ಲ. ತೆರಿಗೆಯ ಸಾಲು ಎಲ್ಲಿ ಬರಬೇಕು ಎಂಬುದು ರಿವ್ಯೂ ನಡೆಯುತ್ತಿರುವಾಗ ಗ್ರಾಹಕರ ಕಡೆಯಿಂದ ಬದಲಾಗಿತ್ತು.

ವರದಿಯ ಮೇಲ್ಭಾಗ ಹೊಸದಾಗಿ ಬರೆದೆ: "ಸೆಪ್ಟೆಂಬರಿನಲ್ಲಿ 31 ಮರ್ಜ್, ಅದರಲ್ಲಿ 9 ಹಳೆಯವು. ಕೆಲಸಕ್ಕಿದ್ದ ದಿನ 132ರ ಬದಲು 102. ವೇಗದಲ್ಲಿ ಹೇಳುವಂಥ ಬದಲಾವಣೆ ಇಲ್ಲ. ಗಾತ್ರ, ಮರುಕೆಲಸ ಇಳಿದದ್ದು ಇಬ್ಬರ ರಜೆಯಿಂದ, ಆಗಸ್ಟಿಗೆ ಹೋಲಿಸಬೇಡಿ. ಬಿಲ್ ಭಾಗದ ಮೂರು ಪಿಆರ್ ಮಾತ್ರ ನೋಡಿ." ಗ್ರಾಫ್‌ಗಳನ್ನು ಕೊನೆಗೆ ತಳ್ಳಿದೆ.

ಮ್ಯಾನೇಜರ್ ತಮ್ಮ ಮೇಲ್ ಕಳಿಸಲಿಲ್ಲ. ಮರುದಿನ ಫೋನು ಮಾಡಿ ಕೇಳಿದ್ದು ಒಂದೇ: ಆ ಮೂರರ ನಂಬರ್ ಯಾವುದು ಎಂದು.